ಕ್ಲೌಡ್‌ನಲ್ಲಿದೆ ಅಂತ ನಿಶ್ಚಿಂತೆಯಾಗಿದ್ದೆ, ಅಲ್ಲೂ ಬೀಗ ಬಿದ್ದಿತ್ತು

ಹೇಳಿಕೊಳ್ಳಲು ನಾಚಿಕೆ, ಆದರೂ ಬರೆಯುತ್ತಿದ್ದೇನೆ. ನಮ್ಮದು ಚಿಕ್ಕ ಫೋಟೊ ಸ್ಟುಡಿಯೋ. ಆಲ್ಬಂ ಸಾಫ್ಟ್‌ವೇರ್ ಕೊಳ್ಳದೇ ಬಳಸಲು ಕಂಪ್ಯೂಟರ್ ಅಂಗಡಿಯವನು ಕ್ರ್ಯಾಕ್ ಹಾಕಿಕೊಟ್ಟ. ಹಾಕುವ ಮೊದಲು ಆಂಟಿವೈರಸ್ ಆಫ್ ಮಾಡಿದ. ಪಕ್ಕದಲ್ಲೇ ನಿಂತಿದ್ದೆ, ಯಾಕೆ ಅಂತ ಕೇಳಲಿಲ್ಲ. ಐನೂರು ರೂಪಾಯಿ ಕೊಟ್ಟೆ ಬೇರೆ!

ಸಂಜೆ ಹೊತ್ತಿಗೆ ಒಂದು ಫೋಟೊನೂ ತೆರೆಯುತ್ತಿಲ್ಲ. ಪ್ರತಿ ಹೆಸರಿನ ತುದಿಗೂ ನಾಲ್ಕಕ್ಷರದ ಬಾಲ. ಫೋಲ್ಡರ್‌ನಲ್ಲಿ `_readme.txt` ಅಂತ ಒಂದು ಚೀಟಿ: 980 ಡಾಲರ್ ಕೊಡಿ, 72 ಗಂಟೆಯೊಳಗಾದರೆ 490. ಡಿಸ್ಕೌಂಟ್ ಬೇರೆ, ನೋಡಿ.

ಆಗಲೂ ನಾನು ಹೆದರಲಿಲ್ಲ. ಒನ್‌ಡ್ರೈವ್ ಕ್ಲೌಡ್‌ನಲ್ಲಿ ಕಾಪಿ ಇದೆಯಲ್ಲ ಅಂತ ಮೊಬೈಲ್ ತೆಗೆದೆ. ಅಲ್ಲೂ ಫೋಟೊ ಜಾಗದಲ್ಲಿ ಬರೀ ಬಿಳಿ ಹಾಳೆ ಗುರುತು, ಅದೇ ಬಾಲ. ಕಂಪ್ಯೂಟರ್ ಕಡೆ ತಿರುಗಿದರೆ ಸಿಂಕ್ ಬಾಣ ಇನ್ನೂ ಸುತ್ತುತ್ತಿದೆ! ಫೈಲ್ ಬದಲಾದರೆ ಮೇಲಕ್ಕೆ ಕಳಿಸುವುದಷ್ಟೇ ಅದರ ಕೆಲಸ. ಬದಲಿಸಿದ್ದು ನಾನೋ ಕಳ್ಳನೋ, ಅದಕ್ಕೇನು ಗೊತ್ತು? ಓಡಿಹೋಗಿ ನೆಟ್ ವೈರ್ ಕಿತ್ತೆ.

ಅಂಗಡಿಯವನಿಗೆ ಫೋನ್ ಮಾಡಿದರೆ, “ಕ್ರ್ಯಾಕ್‌ನಿಂದ ಅಲ್ಲ ಸಾರ್, ನೀವೇ ಯಾವ್ದೋ ಪೆನ್‌ಡ್ರೈವ್ ಹಾಕಿರ್ತೀರ.” ರಿಕವರಿಗೆ ಹದಿನೆಂಟು ಸಾವಿರ ಅಂದ. ಗ್ಯಾರಂಟಿನಾ ಅಂದೆ. “ಟ್ರೈ ಮಾಡೋಣ ಸಾರ್.” ಆಮೇಲೆ ಹೇಳಿದ್ದು ಕೇಳಿ: “ಕ್ಲೌಡ್‌ನಲ್ಲಿರೋದೆಲ್ಲ ಡಿಲೀಟ್ ಮಾಡಿ, ರಿಸೈಕಲ್ ಬಿನ್ನೂ ಖಾಲಿ ಮಾಡಿ, ಇಲ್ಲಾಂದ್ರೆ ಹರಡುತ್ತೆ.”

ಮಾಡಿಯೇಬಿಡುತ್ತಿದ್ದೆ. ಅಕ್ಕನ ಮಗ ತಡೆದ. “ಮಾವ, ಮುಟ್ಟಬೇಡಿ. ಹಳೇ ವರ್ಷನ್ ಅದರೊಳಗೇ ಇರುತ್ತೆ. ಬಿನ್ ಖಾಲಿ ಮಾಡಿದ್ರೆ ಅದೂ ಹೋಗುತ್ತೆ.”

ಮೊದಲು ಕಂಪ್ಯೂಟರ್ ಪೂರ್ತಿ ಫಾರ್ಮ್ಯಾಟ್ ಆಗಬೇಕು ಅಂದ, ಇಲ್ಲದಿದ್ದರೆ ವಾಪಸ್ ಬಂದ ಫೈಲ್‌ಗೂ ಮತ್ತೆ ಬೀಗ ಬೀಳುತ್ತೆ. ಅದನ್ನು ಅದೇ ಅಂಗಡಿಯವನ ಕೈಲೇ ಮಾಡಿಸಿದೆ, ನನ್ನ ಬುದ್ಧಿಗಿಷ್ಟು. ಆಮೇಲೆ ಅಕ್ಕನ ಮಗನ ಲ್ಯಾಪ್‌ಟಾಪ್‌ನಿಂದ ಒನ್‌ಡ್ರೈವ್ ವೆಬ್‌ಸೈಟ್‌ಗೆ ಹೋಗಿ ಪಾಸ್‌ವರ್ಡ್ ಬದಲಿಸಿ, ಸೆಟ್ಟಿಂಗ್ಸ್‌ನ Options ಒಳಗೆ Restore your OneDrive ತೆರೆದೆವು. ನನ್ನದು ಮೈಕ್ರೋಸಾಫ್ಟ್ 365 ಚಂದಾ ಇರುವ ಖಾತೆ, ಅದಕ್ಕೇ ಸಿಕ್ಕಿತು. ದಿನದಿನದ ಬದಲಾವಣೆ ಕಂಬಗಳ ಹಾಗೆ ಕಾಣುತ್ತದೆ, ಆವತ್ತಿನ ಕಂಬ ಮುಗಿಲು ಮುಟ್ಟಿತ್ತು. ಕೆಳಗಿನ ಪಟ್ಟಿಯಲ್ಲಿ ಬಾಲ ಬಂದ ಮೊದಲ ಫೈಲ್ ಹುಡುಕಿ ಅದನ್ನೇ ಆರಿಸಿದೆವು, ಅಲ್ಲಿಂದ ಈಚೆಗಿನದೆಲ್ಲ ತಾನೇ ಆಯ್ಕೆಯಾಯಿತು. Restore ಒತ್ತಿದೆವು. ಆರು ಸಾವಿರ ಚಿಲ್ಲರೆ ಫೈಲ್, ಒಂದೊಂದಾಗಿ ವರ್ಷನ್ ತೆಗೆಯುತ್ತಾ ಕೂತರೆ ಮುಗಿಯುತ್ತಿತ್ತಾ?

ಹಿಂದಕ್ಕೆ ಹೋಗಲು ಸಿಗುವುದು 30 ದಿನ ಮಾತ್ರ, ಆಮೇಲೆ ಯೋಚಿಸೋಣ ಅಂತ ಕೂರಬೇಡಿ. ಆ ಗಳಿಗೆಯ ನಂತರ ನಾವೇ ಮಾಡಿದ ಕೆಲಸವೂ ಹಿಂದಕ್ಕೆ ಹೋಗುತ್ತೆ, ಸ್ಟುಡಿಯೋ ಹುಡುಗ ತಿದ್ದಿದ್ದ ಒಂದು ಆಲ್ಬಂ ಹೀಗೇ ಹೋಯಿತು. ಡಿ ಡ್ರೈವ್‌ನಲ್ಲಿ ಸುಮ್ನೆ ಬಿದ್ದಿದ್ದ ಎರಡು ಮದುವೆಗಳ ಫೋಟೊಗಳು ಸಿಂಕ್‌ನಲ್ಲೇ ಇರಲಿಲ್ಲ. ಅವು ಹೋದವು. ಆ ಮನೆಯವರಿಗೆ ಏನು ಹೇಳಲಿ?

ಅಂಗಡಿಯವನ ಮೆಸೇಜ್ ನಿನ್ನೆ ಬಂತು: “ಫಾರ್ಮ್ಯಾಟ್ ಚಾರ್ಜ್ ಬಾಕಿ ಇದೆ ಸಾರ್.”