ಗೆರೆ ಕಾಣದಿದ್ರೆ ಸೀಮ್‌ಲೆಸ್ ಅಂತ ನಂಬಬೇಡಿ, 10 ಮೀಟರ್ ಬಟ್ಟೆ ಹಾಳಾಯ್ತು

ಬಟ್ಟೆ ಪ್ರಿಂಟ್‌ಗೆ ಅಂತ ಸೀಮ್‌ಲೆಸ್, ಅಂದ್ರೆ ಪಕ್ಕಪಕ್ಕ ಜೋಡಿಸಿದ್ರೆ ಜಾಯಿಂಟ್ ಗೊತ್ತಾಗದ, ರೆಡಿ ಡಿಸೈನ್ ಫೈಲ್ ಕೊಳ್ಳೋರು ದುಡ್ಡು ಕಳಿಸೋಕೆ ಮುಂಚೆ ಇದನ್ನ ಓದಿ.

ನಾನು ಕೊಂಡ ಡಿಸೈನ್: ಕೆನೆ ಬಣ್ಣದ ನೆಲ, ಮಾವಿನ ಬುಟ್ಟಾ, ನಡುನಡುವೆ ಮಲ್ಲಿಗೆ ಮೊಗ್ಗು. ಬಟ್ಟೆ ತುಂಬ ಮತ್ತೆ ಮತ್ತೆ ಜೋಡಿಸೋ ತುಂಡು, ಅಂದ್ರೆ ಟೈಲ್, 2400×2400 ಪಿಕ್ಸೆಲ್, 150 ಡಿಪಿಐ, ಅಂದ್ರೆ ಬಟ್ಟೆ ಮೇಲೆ 16 ಇಂಚಿನ ಚೌಕ. ಮಾರಿದವರು ತೋರಿಸಿದ್ದು ಒಂದೇ ಒಂದು ಟೈಲ್. ನೋಡೋಕೆ ಲಕ್ಷಣವಾಗಿತ್ತು. 44 ಇಂಚು ಪನ್ನದ ಹತ್ತಿ ಬಟ್ಟೆ 10 ಮೀಟರ್ ಪ್ರಿಂಟ್ ಆಗಿ ಬಂತು, ನೆಲದ ಮೇಲೆ ಹಾಸಿದ್ರೆ ಕಿಟಕಿ ಸರಳು! 16 ಇಂಚಿಗೊಂದು ಖಾಲಿ ಓಣಿ, ಉದ್ದಕ್ಕೂ ಇದೆ, ಅಡ್ಡಕ್ಕೂ ಇದೆ.

ಕೇಳಿದ್ದಕ್ಕೆ ಬಂದ ಉತ್ತರ: "ಮೇಡಂ, ಆಫ್‌ಸೆಟ್ ಹಾಕಿ ನೋಡಿ, ಎಲ್ಲಾದ್ರೂ ಜಾಯಿಂಟ್ ಗೆರೆ ಕಾಣುತ್ತಾ?"

ಹಾಕಿದ್ದೂ ಆಯ್ತು. ಫೋಟೋಶಾಪ್‌ನಲ್ಲಿ Filter > Other > Offset, ಎರಡೂ ಕಡೆ 1200, Wrap Around. ಅಂಚುಗಳು ನಡುವಿಗೆ ಬಂದವು, ಗೆರೆ ಇಲ್ಲ. ಹೇಗೆ ಇರುತ್ತೆ? ಒಂದು ಬುಟ್ಟಾನೂ ಅಂಚನ್ನ ಮುಟ್ಟಿಯೇ ಇಲ್ಲ! ಖಾಲಿ ನೆಲಕ್ಕೆ ಖಾಲಿ ನೆಲ ಸೇರಿದ್ರೆ ಗೆರೆ ಎಲ್ಲಿಂದ ಬರಬೇಕು. ಆದ್ರೆ ಪರದೆ ನಡುವೆ ದೊಡ್ಡದೊಂದು ಪ್ಲಸ್ ಆಕಾರದ ಬಯಲು. ಅಳೆದು ನೋಡಿದ್ರೆ ಪ್ರತಿ ಅಂಚಲ್ಲೂ 90 ಪಿಕ್ಸೆಲ್ ಬಿಟ್ಟಿದ್ದಾರೆ. ಎರಡು ಅಂಚು ಸೇರಿ 180, ಅಂದ್ರೆ ಬಟ್ಟೆ ಮೇಲೆ 3 ಸೆಂಟಿಮೀಟರ್. ಟೈಲ್ ಒಳಗೆ ಬುಟ್ಟಾಗಳ ನಡುವಿನ ಜಾಗ ಬರೀ 1 ಸೆಂಟಿಮೀಟರ್. ಒಂದೇ ಟೈಲ್ ನೋಡುವಾಗ ಆ ಖಾಲಿ ಅಂಚು ಚಿತ್ರದ ಚೌಕಟ್ಟಿನ ಹಾಗೆ ಕಾಣುತ್ತೆ, ಯಾರಿಗೂ ಅನುಮಾನ ಬರಲ್ಲ. ಮೋಸ ಹೋಗೋದೇ ಅಲ್ಲಿ.

ಸರಿಯಾಗಿ ಮಾಡೋರು ಬುಟ್ಟಾಗಳನ್ನ ಬೇಕಂತಲೇ ಅಂಚು ದಾಟಿಸ್ತಾರೆ. ಬಲಗಡೆ 120 ಪಿಕ್ಸೆಲ್ ಆಚೆ ಹೋದ ತುಂಡು ಎಡಗಡೆ ಅದೇ ಎತ್ತರದಲ್ಲಿ ಒಳಗೆ ಬರಬೇಕು, ಅಂದ್ರೆ ನಕಲು ಕರೆಕ್ಟಾಗಿ 2400 ಪಿಕ್ಸೆಲ್ ಸರಿದಿರಬೇಕು. ಆಗ ಜಾಯಿಂಟ್ ಬುಟ್ಟಾ ಮೈಯೊಳಗೇ ಅಡಗುತ್ತೆ.

ಇದನ್ನೆಲ್ಲ ಬರೆದು ಕಳಿಸಿದ್ರೆ "ಅದು ಡಿಸೈನ್ ಸ್ಟೈಲ್ ಮೇಡಂ" ಅಂದ್ರು. ಸ್ಟೈಲ್ ಅಂತೆ! ಆಮೇಲೆ ತಪ್ಪನ್ನ ಪ್ರಿಂಟ್ ಮಾಡಿದವರ ಮೇಲೆ ಹಾಕಿದ್ರು. ಕೊನೆಗೆ "ಖಾಲಿ ಜಾಗದಲ್ಲಿ ಮೊಗ್ಗು ತುಂಬಿ ಕೊಡ್ತೀನಿ" ಅಂತ ಹೊಸ ಫೈಲ್. ಓಣಿ ಉದ್ದಕ್ಕೂ ಮೊಗ್ಗುಗಳು ಸಾಲಾಗಿ ನಿಂತಿವೆ, ಮೊದಲು ಖಾಲಿ ಗೆರೆ ಇತ್ತು, ಈಗ ಮೊಗ್ಗಿನ ಗೆರೆ. ಆಫ್‌ಸೆಟ್ ಹಾಕಿ, ಓಣಿಯ ಎರಡೂ ಬದಿಯ ಬುಟ್ಟಾಗಳನ್ನ ಹಿಂದೆ ಮುಂದೆ ಸರಿಸಿ, ದೊಡ್ಡ ಮಾವಿನ ಬುಟ್ಟಾನೇ ಅಡ್ಡ ಕೂರಿಸಿದ್ರೆ ಮಾತ್ರ ಅದು ಮುಚ್ಚೋದು. ಆ ಕೆಲಸ ಯಾರಿಗೆ ಬೇಕು.

ನೀವು ಮಾಡಬೇಕಾದ್ದು ಇಷ್ಟೇ: ಅಡ್ಡ ಮೂರು, ಉದ್ದ ಮೂರು, ಒಂಬತ್ತು ಟೈಲ್ ಜೋಡಿಸಿದ ಚಿತ್ರ ಕೇಳಿ. ಅದನ್ನ ಫೋನಿನಲ್ಲಿ ಹೆಬ್ಬೆಟ್ಟಿನಷ್ಟು ಚಿಕ್ಕದು ಮಾಡಿ, ಕಣ್ಣು ಕಿರಿದು ಮಾಡಿ ನೋಡಿ. ಓಣಿ ಇದ್ರೆ ತಕ್ಷಣ ಎದ್ದು ಕಾಣುತ್ತೆ. ಕೊಡಲ್ಲ ಅಂದ್ರೆ ಆ ಫೈಲೇ ಬೇಡ. ನನಗೆ ಸಿಕ್ಕ ಕೊನೇ ಉತ್ತರ "ಡೌನ್‌ಲೋಡ್ ಆದ್ಮೇಲೆ ದುಡ್ಡು ವಾಪಸ್ ಇಲ್ಲ", ಅದರ ಪಕ್ಕ ಒಂದು ಕೈಮುಗಿದ ಚಿತ್ರ.