ಅಡಿಕೆ ಬುಡಕ್ಕೆ ಯಾವ ಟ್ರೈಕೋಡರ್ಮ, ಯಾವ ಬೇವಿನ ಹಿಂಡಿ: ಚನ್ನಗಿರಿ ಕಡೆಯ ಒಂದು ತೋಟದ ಲೆಕ್ಕ

ಮೊದಲೇ ಹೇಳಿಬಿಡುತ್ತೇನೆ. ಅಣಬೆ ರೋಗ ಕಾಣಿಸಿದ ತೋಟಕ್ಕೆ ನಾನು ಈಗ ಹಾಕುವುದು ದಾವಣಗೆರೆಯ ಅಂಗಡಿಯಿಂದ ಬಿಲ್ ಸಮೇತ ತರುವ, ನೋಂದಣಿ ಸಂಖ್ಯೆ ಇರುವ ಸಾದಾ ಟ್ರೈಕೋಡರ್ಮ ಪುಡಿ. ಪ್ಯಾಕೆಟ್ ನೋಡಲು ಚೆಂದವಿಲ್ಲ, ಕೆಜಿಗೆ ಇನ್ನೂರರ ಆಸುಪಾಸು. ಅದರ ಜೊತೆ ಪರೀಕ್ಷೆಗಿಟ್ಟ ಇನ್ನೆರಡರಲ್ಲಿ ಒಂದು, ವ್ಯಾನಿನಲ್ಲಿ ಊರಿಗೇ ಬಂದು ಮಾರಿದ ದ್ರವದ ಬಾಟಲಿ. ಇನ್ನೊಂದು, ಹೋಬಳಿ ಅಂಗಡಿಯಲ್ಲಿ ಸಿಕ್ಕ ಬಣ್ಣಬಣ್ಣದ ಪ್ಯಾಕೆಟ್. ಇವೆರಡನ್ನೂ ನಮ್ಮಣ್ಣ ತನ್ನ ಪಾಲಿನ ತೋಟಕ್ಕೆಂದು ತಂದಿದ್ದ.

ಬಾಟಲಿಯದು ಬೇಗ ಮುಗಿಯುವ ಮಾತು. ಟ್ರೈಕೋಡರ್ಮ, ಸ್ಯೂಡೋಮೊನಾಸ್, ಬ್ಯಾಸಿಲಸ್ ಎಲ್ಲಾ ಒಂದರಲ್ಲೇ ಇವೆ, ಬೇರುಹುಳಕ್ಕೂ ಆಗುತ್ತದೆ, ಹಳದಿ ಎಲೆಗೂ ಆಗುತ್ತದೆ ಎಂದು ಬರೆದಿತ್ತು. ತಯಾರಿಕೆ ದಿನಾಂಕವಿಲ್ಲ, ಬ್ಯಾಚ್ ಸಂಖ್ಯೆಯಿಲ್ಲ, ಫೋನ್ ನಂಬರ್ ಮಾತ್ರ ದಪ್ಪಕ್ಷರದಲ್ಲಿತ್ತು.

ತಲೆ ಕೆಡಿಸಿದ್ದು ಬಣ್ಣದ ಪ್ಯಾಕೆಟ್. ಮೇಲ್ನೋಟಕ್ಕೆ ಅದರಲ್ಲಿ ಎಲ್ಲವೂ ಇತ್ತು: ಐಎಸ್ಒ ಮುದ್ರೆ, ಸಾವಯವ ಕೃಷಿಗೆ ಒಪ್ಪಿತ ಎನ್ನುವ ಹಸಿರೆಲೆಯ ಗುರುತು, ಹಿಂಬದಿಯಲ್ಲಿ ಉದ್ದದ ಲೈಸೆನ್ಸ್ ಸಂಖ್ಯೆ. ಆದರೆ ಇವ್ಯಾವೂ ಕೀಟನಾಶಕದ ನೋಂದಣಿಯಲ್ಲ. ಟ್ರೈಕೋಡರ್ಮ ಜೀವಂತ ಶಿಲೀಂಧ್ರವೇ ಆದರೂ, ರೋಗ ತಡೆಯುತ್ತದೆ ಎಂದು ಮಾರುವಾಗ ಅದು 1968ರ ಕೀಟನಾಶಕ ಕಾಯ್ದೆಗೆ ಒಳಪಡುತ್ತದೆ. ಫರೀದಾಬಾದಿನ ನೋಂದಣಿ ಸಮಿತಿ ಕೊಟ್ಟ, ಸಿಐಆರ್ ಎಂದು ಶುರುವಾಗುವ ಸಂಖ್ಯೆ ಲೇಬಲ್ ಮೇಲೆ ಇರಲೇಬೇಕು. ಜೊತೆಗೆ ತಯಾರಿಕಾ ಲೈಸೆನ್ಸ್ ಸಂಖ್ಯೆ, ಬ್ಯಾಚ್, ತಯಾರಿಕೆ ಮತ್ತು ಅವಧಿ ಮುಗಿಯುವ ದಿನಾಂಕ, ವಿಷದ ಪ್ರಮಾಣ ತೋರಿಸುವ ಬಣ್ಣದ ಚೌಕ, ಒಳಗೊಂದು ಮಡಚಿದ ಬಳಕೆ ಚೀಟಿ. ಬಣ್ಣದ ಪ್ಯಾಕೆಟ್ಟಿನ ಸಂಖ್ಯೆ ರಸಗೊಬ್ಬರ ನಿಯಂತ್ರಣ ಆದೇಶದ ಕೆಳಗಿನದು, ಅಂದರೆ ಜೈವಿಕ ಗೊಬ್ಬರದ್ದು. ಗೊಬ್ಬರದ ಪರವಾನಗಿ ಹಿಡಿದುಕೊಂಡು ರೋಗಕ್ಕೆ ಔಷಧಿ ಎಂದು ಮಾರುತ್ತಿದ್ದರು. ಬಹಳ ಜನ ರೈತರು ಎಡವುವುದು ಇಲ್ಲೇ, ಯಾಕೆಂದರೆ ಸಂಖ್ಯೆ ಏನೋ ಒಂದು ಇರುತ್ತದಲ್ಲ.

ಸಿಐಆರ್ ಸಂಖ್ಯೆ ಇದ್ದ ಮಾತ್ರಕ್ಕೂ ಸುಮ್ಮನಾಗಬಾರದು. ನೋಂದಣಿ ಕೊಡುವುದು ಒಂದು ಕಂಪನಿಯ ಒಂದು ಉತ್ಪನ್ನಕ್ಕೆ, ಅದರ ಪ್ರಮಾಣಕ್ಕೆ. ಮುಂದೆ ದೊಡ್ಡದಾಗಿ ಕಾಣುವ ಹೆಸರು ಮಾರಾಟಗಾರರದ್ದಿರಬಹುದು. ತಯಾರಕರ ಹೆಸರು ಮತ್ತು ವಿಳಾಸ ಹಿಂದೆ ಇರುವೆ ಸಾಲಿನಂಥ ಅಕ್ಷರದಲ್ಲಿರುತ್ತದೆ. ಆ ಸಂಖ್ಯೆ ಆ ತಯಾರಕರದ್ದೇ ಹೌದೇ, ಟ್ರೈಕೋಡರ್ಮಕ್ಕೇ ಕೊಟ್ಟದ್ದೇ ಎಂದು ನೋಡಬೇಕು. ppqs.gov.in ನಲ್ಲಿ ನೋಂದಣಿಯ ವಿವರ ಸಿಗುತ್ತದೆ, ನನ್ನ ಮಗಳು ಮೊಬೈಲಿನಲ್ಲಿ ಹುಡುಕಿ ಕೊಟ್ಟಳು. ಅದಕ್ಕಿಂತ ಸುಲಭದ ದಾರಿ ಅಂಗಡಿಯವರನ್ನೇ ಕೇಳುವುದು. ಯಾವ ಕಂಪನಿಯ ಮಾಲು ಮಾರಲು ಅವರಿಗೆ ಒಪ್ಪಿಗೆ ಇದೆ ಎನ್ನುವ ಪತ್ರಕ್ಕೆ ಅವರು ಪಿ.ಸಿ. ಅನ್ನುತ್ತಾರೆ. ಕೀಟನಾಶಕದ ಲೈಸೆನ್ಸಿನಲ್ಲಿ ಆ ಕಂಪನಿಯ ಹೆಸರು ಸೇರಿರಬೇಕು. ಹೋಬಳಿ ಅಂಗಡಿಯಲ್ಲಿ ಕೇಳಿದ್ದಕ್ಕೆ, "ಯಜಮಾನ್ರೇ, ಇದು ಬಯೋ, ಇದಕ್ಕೆ ಪಿ.ಸಿ. ಬೇಕಾಗಿಲ್ಲ" ಎಂದರು. ಬ್ಯಾಚ್ ಸಂಖ್ಯೆ ಬರೆದ ಬಿಲ್ಲನ್ನೂ ಕೊಡಲಿಲ್ಲ. ಆ ಬಿಲ್ಲಿಲ್ಲದೆ ಕೃಷಿ ಇಲಾಖೆಯ ಮುಂದೆ ದೂರು ನಿಲ್ಲುವುದು ಕಷ್ಟ. ಒಡೆದ ಪ್ಯಾಕೆಟ್ ಹಿಡಿದುಕೊಂಡು ಹೋದರೂ ಉಪಯೋಗವಿಲ್ಲ, ಅದೇ ಬ್ಯಾಚಿನ ಒಡೆಯದ ಪ್ಯಾಕೆಟ್ ಒಂದು ಕೈಯಲ್ಲಿರಬೇಕು.

ಲೇಬಲ್ ಸರಿಯಿದ್ದರೂ ಒಳಗಿನ ಜೀವ ಸತ್ತಿರಬಹುದು. ತಗಡಿನ ಚಾವಣಿಯ ಅಂಗಡಿಯಲ್ಲಿ ಏಪ್ರಿಲ್ ಬಿಸಿಲು ಕಂಡ ಟ್ರೈಕೋಡರ್ಮ ಬರೀ ಟಾಲ್ಕ್ ಪುಡಿಯಾಗಿ ಉಳಿದರೆ ಆಶ್ಚರ್ಯವಿಲ್ಲ. ಇದನ್ನು ಮನೆಯಲ್ಲೇ ನೋಡಬಹುದು. ಅರೆಬೆಂದ ಅನ್ನವನ್ನು ಸ್ಟೀಲ್ ಲೋಟಗಳಿಗೆ ಹಾಕಿ, ಬಾಯಿಗೆ ಬಟ್ಟೆ ಕಟ್ಟಿ, ಕುಕ್ಕರಿನಲ್ಲಿ ಚೆನ್ನಾಗಿ ಹಬೆ ಕೊಟ್ಟು, ಆರಿದ ಮೇಲೆ ಒಂದೊಂದು ಲೋಟಕ್ಕೆ ಒಂದೊಂದು ಮಾಲನ್ನು ಚಿಟಿಕೆ ಹಾಕಿದೆ. ಒಂದು ಲೋಟಕ್ಕೆ ಏನೂ ಹಾಕದೆ ಪಕ್ಕಕ್ಕಿಟ್ಟೆ, ಇಲ್ಲದಿದ್ದರೆ ಗಾಳಿಯಲ್ಲಿ ಬಂದ ಬೂಷ್ಟನ್ನೇ ಔಷಧಿ ಅಂದುಕೊಳ್ಳುವ ಅಪಾಯವಿದೆ. ನೋಂದಣಿ ಇದ್ದ ಪುಡಿಯ ಲೋಟದಲ್ಲಿ ಮೊದಲು ಹತ್ತಿಯಂಥ ಬಿಳಿ ಹರಡಿ, ನಾಲ್ಕೈದು ದಿನದೊಳಗೆ ಅನ್ನವೆಲ್ಲ ಕಡುಹಸಿರಾಯಿತು. ಮುಚ್ಚಿದ ಬಟ್ಟೆ ತೆಗೆದರೆ ಕೊಬ್ಬರಿಯಂಥ ವಾಸನೆ. ಬಣ್ಣದ ಪ್ಯಾಕೆಟ್ಟಿನ ಲೋಟದಲ್ಲಿ ಕಪ್ಪು ಚುಕ್ಕೆಯ ಬೂಷ್ಟು ಬಂತು. ಬಾಟಲಿಯದು ಲೋಳೆಯಾಗಿ ಹುಳಿ ನಾತ ಹೊಡೆಯಿತು. ಈ ಪರೀಕ್ಷೆಗೂ ಮಿತಿ ಇದೆ. ಜೀವ ಇದೆಯೋ ಇಲ್ಲವೋ ಎಂದು ಒಂದು ಅಂದಾಜು ಸಿಗುತ್ತದೆ, ಎಷ್ಟಿದೆ ಎಂದು ಗೊತ್ತಾಗುವುದಿಲ್ಲ. ಗ್ರಾಂಗೆ ಕನಿಷ್ಠ 2×10⁶, ಅಂದರೆ 20 ಲಕ್ಷ ಜೀವಕಣ ಇರಬೇಕೆನ್ನುವ ಲೆಕ್ಕವನ್ನು ಪ್ರಯೋಗಾಲಯವೇ ಮಾಡಬೇಕು. ಬಣ್ಣದ ಪ್ಯಾಕೆಟ್ ಮೇಲೆ ಅದರ ಸಾವಿರ ಪಟ್ಟು ಬರೆದಿದ್ದರು.

ಎಲೆಗೆ ಹೊಡೆಯುವ "ಬಯೋ" ಬಾಟಲಿಗಳ ಬಗ್ಗೆ ಒಂದೇ ಮಾತು. ಬೇವಿನ ಔಷಧಿ ಹುಳವನ್ನು ಮೇಯದಂತೆ ಮಾಡಿ ನಿಧಾನಕ್ಕೆ ಕೊಲ್ಲುತ್ತದೆ. ಸಂಜೆ ಹೊಡೆದರೆ ಬೆಳಗಾಗುವಷ್ಟರಲ್ಲಿ ಹುಳವೆಲ್ಲ ಉದುರಿದ್ದರೆ ಒಳಗೆ ರಾಸಾಯನಿಕ ಬೆರೆಸಿದ್ದಾರೆ ಎಂದೇ ನಾನು ಅನುಮಾನಿಸುತ್ತೇನೆ.

ಇನ್ನು ಬೇವಿನ ಹಿಂಡಿ. ಅಣಬೆ ರೋಗದ ತೋಟಕ್ಕೆ ಮರಕ್ಕೆ ವರ್ಷಕ್ಕೆ 2 ಕೆಜಿ ಹಾಕಬೇಕೆನ್ನುವುದು ಶಿಫಾರಸು. ನಮ್ಮಲ್ಲಿರುವ ಐನೂರು ಮರಕ್ಕೆ ಒಂದು ಟನ್, ಅಂದರೆ 50 ಕೆಜಿಯ ಇಪ್ಪತ್ತು ಚೀಲ. ಇಲ್ಲಿ ಕಲಬೆರಕೆಯಾದರೆ ನಷ್ಟ ಟ್ರೈಕೋಡರ್ಮಕ್ಕಿಂತ ದೊಡ್ಡದು. ಎಣ್ಣೆ ಮಿಲ್ಲಿನಲ್ಲಿ ಎದುರಿಗೇ ತುಂಬಿಸಿಕೊಂಡು ಬಂದ ಹಿಂಡಿಯನ್ನೂ, ಬ್ರ್ಯಾಂಡ್ ಹೆಸರಿನ ಪುಡಿ ಚೀಲವನ್ನೂ ಹೋಲಿಸಿದೆ. ಗಾಜಿನ ಲೋಟದ ನೀರಿಗೆ ಒಂದು ಚಮಚ ಹಾಕಿ ಕಲಕಿದರೆ ಮಿಲ್ಲಿನದು ಉಬ್ಬಿ ಮೆಲ್ಲಗೆ ಕೆಳಗಿಳಿಯಿತು. ಪುಡಿ ಚೀಲದ್ದರಲ್ಲಿ ತಕ್ಷಣ ತಳದಲ್ಲಿ ಮರಳು ಕೂತಿತು, ಬೆರಳಿಗೆ ಗರಗರ ಎಂದಿತು. ಆಮೇಲೆ 10 ಗ್ರಾಂ ತೂಗಿ, ಕಬ್ಬಿಣದ ಸೌಟಿನಲ್ಲಿ ಕೆಂಡದ ಮೇಲಿಟ್ಟು, ಹೊಗೆ ನಿಂತು ಬೂದಿಯಾಗುವವರೆಗೆ ಸುಟ್ಟೆ. ಮಿಲ್ಲಿನದರಲ್ಲಿ ಒಂದೂವರೆ ಗ್ರಾಂ ಚಿಲ್ಲರೆ ಬೂದಿ ಉಳಿಯಿತು, ಚೀಲದ್ದರಲ್ಲಿ ಐದು ಗ್ರಾಂ ಹತ್ತಿರ. ಹಿಂಡಿಯ ಸ್ವಂತ ಬೂದಿ ಕಳೆದರೂ ಮೂರರಲ್ಲೊಂದು ಪಾಲಿಗಿಂತ ಹೆಚ್ಚು ಮಣ್ಣೇ. ಇಪ್ಪತ್ತು ಚೀಲದಲ್ಲಿ ಏಳೆಂಟು ಚೀಲ ಮಣ್ಣಿಗೆ ಹಣ ಕೊಟ್ಟ ಹಾಗೆ.

ಕಹಿ ನೋಡೋಣ ಎಂದು ನಾಲಿಗೆಗೆ ಮಾತ್ರ ಹಚ್ಚಬೇಡಿ. ಹರಳು ಹಿಂಡಿ ಬೆರೆಸಿದ್ದರೆ ಅದು ವಿಷ. ದನಕರು ಚೀಲದ ಹತ್ತಿರ ಸುಳಿಯದಂತೆಯೂ ನೋಡಿಕೊಳ್ಳಿ.

ಮಿಲ್ಲಿನ ಹಿಂಡಿ ಕೆಜಿಗೆ ಎರಡು ಮೂರು ರೂಪಾಯಿ ಜಾಸ್ತಿ, ಗಾಡಿ ಬಾಡಿಗೆ ಬೇರೆ. ಆದರೂ ನಾನು ಅದನ್ನೇ ತರುತ್ತೇನೆ. ಟ್ರೈಕೋಡರ್ಮ ಮಾತ್ರ ಒಂದೇ ಸಲ ಕೊಂಡು ಕೂಡಿಡುವುದಿಲ್ಲ. ಗೊಬ್ಬರಕ್ಕೆ ಬೆರೆಸುವ ವಾರ ಫೋನ್ ಮಾಡಿ, ಹೊಸ ಬ್ಯಾಚ್ ಬಂದಿದೆಯೇ ಕೇಳಿ, ಬೇಕಾದಷ್ಟನ್ನೇ ತರುತ್ತೇನೆ. ನೂರು ಕೆಜಿ ಕಳಿತ ಕೊಟ್ಟಿಗೆ ಗೊಬ್ಬರಕ್ಕೆ ಒಂದು ಕೆಜಿ ಪುಡಿ ಬೆರೆಸಿ, ನೆರಳಲ್ಲಿ ಒದ್ದೆ ಗೋಣಿ ಹೊದಿಸಿ, ಹತ್ತು ಹದಿನೈದು ದಿನ ಬಿಟ್ಟು ಬುಡಕ್ಕೆ ಹಾಕುತ್ತೇನೆ. ಅದೇ ಬುಡಕ್ಕೆ ಶಿಲೀಂಧ್ರನಾಶಕ ಸುರಿಯುವುದಿದ್ದರೆ ನಡುವೆ ಎರಡು ವಾರ ಬಿಡುವುದು ನಮ್ಮ ರೂಢಿ.