ತಗ್ಗು ಜಮೀನಿಗೆ ತೂತು ಪೈಪೋ, ಪೀಜೋಮೀಟರೋ?

ಮಂಡ್ಯ ಕಡೆ ವಿ.ಸಿ. ನಾಲೆ ಕೆಳಗಿನ ತಗ್ಗಿನಲ್ಲಿ ಕಬ್ಬು ಹಳದಿ ತಿರುಗಿದರೆ ಎಲ್ಲರ ಬಾಯಲ್ಲೂ ಬರುವುದು ಒಂದೇ ಮಾತು, ಜೌಗು. ನೋಡೋಣ ಅಂತ ಗುಂಡಿ ತೋಡಿದರೆ ಮಳೆ ನೀರೂ ಅದಕ್ಕೇ ಇಳಿಯುತ್ತದೆ, ಬದಿ ಕುಸಿಯುತ್ತದೆ. ಅದಕ್ಕೇ ನಮ್ಮ ಜಮೀನಿನ ತಗ್ಗು ಮೂಲೆಯಲ್ಲಿ ಎರಡು ಬಗೆಯ ಪೈಪು ಅಕ್ಕಪಕ್ಕ ಹಾಕಿ ನೋಡಿದೆ.

ಮೊದಲನೆಯದು ತೂತು ಪೈಪು. ಮೂರು ಮೀಟರ್ ಆಳಕ್ಕೆ ಆಗರ್‌ನಲ್ಲಿ ಕೊರೆದು, ಪಿವಿಸಿ ಪೈಪಿಗೆ ಹೆಚ್ಚುಕಡಿಮೆ ಪೂರ್ತಿ ಉದ್ದಕ್ಕೂ ಗರಗಸದಲ್ಲಿ ಸೀಳು ಹಾಕಿ, ನೈಲಾನ್ ಬಲೆ ಸುತ್ತಿ ಇಳಿಸಿದೆ. ಸುತ್ತ ದಪ್ಪ ಮರಳು. ಅಷ್ಟೇ ಕೆಲಸ.

ಎರಡನೆಯದು ಪೀಜೋಮೀಟರ್, ಅಂದರೆ ತನ್ನ ತಳ ಇರುವ ಆಳದ ನೀರಿನ ಒತ್ತಡವನ್ನಷ್ಟೇ ತೋರಿಸುವ ಪೈಪು. ಇದಕ್ಕೂ ಅದೇ ಪೈಪು, ಆದರೆ ಸೀಳು ಇರುವುದು ತಳದ 30 ಸೆಂ.ಮೀ.ಗೆ ಮಾತ್ರ. ಅಷ್ಟು ಎತ್ತರಕ್ಕೆ ಮರಳು ಹಾಕಿ, ಅದರ ಮೇಲೆ ಅರ್ಧ ಮೀಟರ್ ಬೆಂಟೊನೈಟ್ ತುಂಬಬೇಕು. ಅರ್ಥಿಂಗ್ ಗುಂಡಿಗೆ ಹಾಕುವ ಪುಡಿಯೇ ಅದು. ಪುಡಿಯನ್ನು ಹಾಗೇ ಸುರಿದರೆ ನೀರಲ್ಲಿ ತೇಲಿ ಬದಿಗೆ ಮೆತ್ತಿಕೊಳ್ಳುತ್ತದೆ. ಸ್ವಲ್ಪ ನೀರು ಹಾಕಿ ಗಟ್ಟಿಯಾಗಿ ಕಲಸಿ, ಗೋಲಿ ಮಾಡಿ ಒಂದೊಂದಾಗಿ ಬಿಟ್ಟರೆ ಕೆಳಗೆ ಹೋಗಿ ಉಬ್ಬಿ ಸಂದು ಮುಚ್ಚುತ್ತದೆ. ಇಂಥವು ಎರಡು ಬೇಕು. ಒಂದರ ತಳ ಒಂದೂವರೆ ಮೀಟರ್‌ನಲ್ಲಿ, ಇನ್ನೊಂದರದು ಮೂರು ಮೀಟರ್‌ನಲ್ಲಿ, ಬೇರೆಬೇರೆ ಕುಳಿಯಲ್ಲಿ.

ಕೊರೆಯುವಾಗಲೇ ಒಂದು ವಿಷಯ ಗೊತ್ತಾಯಿತು. 1.8 ಮೀಟರ್‌ನಿಂದ ಸುಮಾರು 2.4 ಮೀಟರ್ ತನಕ ಜಿಗುಟು ಜೇಡಿ. ಅದರ ಕೆಳಗೆ ಮರಳು ಬೆರೆತ ಗರಸು.

ನಾಲೆಯಲ್ಲಿ ನೀರು ಹರಿಯುತ್ತಿದ್ದಾಗ ತೂತು ಪೈಪಿನಲ್ಲಿ ನೀರು ನೆಲದಿಂದ 60 ಸೆಂ.ಮೀ. ಕೆಳಗಿತ್ತು. ಗಿಡ್ಡ ಪೀಜೋಮೀಟರ್‌ನಲ್ಲಿ 90. ಆಳದ್ದರಲ್ಲಿ ಬರೀ 40! ಪಕ್ಕದ ಜಮೀನಿನ ಅಣ್ಣ ನೋಡಿ, "ಆಳದ ಪೈಪಲ್ಲಿ ನೀರು ಮೇಲಿದೆಯಲ್ಲ, ಅಳತೆ ತಪ್ಪಿರಬೇಕು ಕಣಪ್ಪ" ಅಂದರು. ಅಳತೆ ಸರಿಯಾಗಿತ್ತು. ಮೂರೂ ಪೈಪಿನ ಬಾಯಿಯನ್ನು ಗಾರೆಯವರ ಟ್ಯೂಬ್ ಲೆವೆಲ್‌ನಿಂದ ಒಂದೇ ಮಟ್ಟಕ್ಕೆ ತಂದಿದ್ದೆ. ನೆಲದ ಮೇಲೆ ಚಾಚಿದ ಭಾಗವನ್ನು ಲೆಕ್ಕದಿಂದ ಕಳೆದಿದ್ದೆ.

ಗರಸಿನ ನೀರು ಜೇಡಿಯ ಕೆಳಗೆ ಒತ್ತಡದಲ್ಲಿದೆ, ಮೇಲಕ್ಕೆ ತಳ್ಳುತ್ತಿದೆ ಅಂತ ಇದರ ಅರ್ಥ. ಬೇರು ಇರುವ ಕಡೆಯ ಮಟ್ಟ ಹೆಚ್ಚುಕಡಿಮೆ 90. ತೂತು ಪೈಪಿನ 60 ಯಾವ ಪದರದ್ದೂ ಅಲ್ಲ, ಎರಡರ ಬೆರಕೆ. ಸಾಲದ್ದಕ್ಕೆ, ಜೇಡಿಗೆ ತೂತು ಮಾಡಿ ಕೆಳಗಿನ ನೀರಿಗೆ ಮೇಲೆ ಬರಲು ದಾರಿಯನ್ನೂ ಅದು ಕೊಟ್ಟಿತ್ತು. ಅದನ್ನೇ ಜೇಡಿ ಮುಟ್ಟದಂತೆ ಒಂದೂವರೆ ಮೀಟರ್‌ಗೆ ನಿಲ್ಲಿಸಿದ್ದರೆ ಮೇಲಿನ ಮಟ್ಟವನ್ನು ಸರಿಯಾಗಿ ತೋರಿಸುತ್ತದೆ. ಆದರೆ ನೀರು ಎಲ್ಲಿಂದ ಬರುತ್ತಿದೆ ಎಂದು ಆಗಲೂ ಹೇಳುವುದಿಲ್ಲ.

ನೀರು ಬಿಡುವ ಕಟ್ಟು ಮುಗಿದು ನಾಲೆ ನಿಂತಾಗ ಆಳದ್ದರಲ್ಲಿ ಮೊದಲು ಇಳಿಯಿತು, ಗಿಡ್ಡದ್ದು ನಿಧಾನಕ್ಕೆ ಹಿಂದೆ ಬಂತು. ಮೂಲ ನಾಲೆಯ ಬಸಿ ನೀರು ಅನ್ನುವುದಕ್ಕೆ ನನಗೆ ಇಷ್ಟು ಸಾಕು. ಇಂಥ ಕಡೆ ಜಮೀನಿನ ಮಧ್ಯೆ ಮೊಣಕಾಲುದ್ದ ಬಸಿಗಾಲುವೆ ತೆಗೆದರೆ ಏನೂ ಆಗಲ್ಲ. ನಾಲೆ ಕಡೆಯ ಅಂಚಿನಲ್ಲಿ, ಗರಸು ಮುಟ್ಟುವಷ್ಟು ಆಳಕ್ಕೆ, ನೀರನ್ನು ಅಡ್ಡ ಹಿಡಿಯುವ ಬಸಿ ಬೇಕು. ತಿರುವುಮುರುವಾಗಿ, ಮಳೆಯ ಮೇಲೆ ಗಿಡ್ಡದ್ದು ಏರಿ ಆಳದ್ದು ಕೆಳಗೇ ಉಳಿದಿದ್ದರೆ ನೀರು ಜೇಡಿಯ ಮೇಲೆ ನಿಂತಿದೆ ಎಂದರ್ಥ. ಆಗ ಮೇಲಿನ ಕಾಲುವೆಯೇ ಸಾಕು. ಖರ್ಚಿನಲ್ಲಿ ಎಷ್ಟು ವ್ಯತ್ಯಾಸ, ಅಲ್ವಾ?

ಪೀಜೋಮೀಟರ್‌ನ ಕಾಟ ಅದನ್ನು ನಂಬುವ ಮೊದಲು ಪರೀಕ್ಷೆ ಮಾಡಬೇಕಾದ್ದು. ಆಗರ್ ತಿರುಗಿದಾಗ ಕುಳಿಯ ಗೋಡೆಗೆ ಜೇಡಿ ಬಳಿದುಕೊಳ್ಳುತ್ತದೆ, ಸೀಳಿಗೂ ಮೆತ್ತುತ್ತದೆ. ನೀರು ಹಾಕಿ, ತಿಳಿಯಾಗುವ ತನಕ ಮೊಗೆಯಬೇಕು. ಆಮೇಲೆ ಬಾಯಿ ತನಕ ತುಂಬಿಸಿ ಬಿಡಿ. ಮರಳು ಪದರದಲ್ಲಿ ಬೇಗ ಮೊದಲಿನ ಮಟ್ಟಕ್ಕೆ ಇಳಿಯುತ್ತದೆ. ಜೇಡಿಯಲ್ಲಿ ದಿನ ಹಿಡಿದರೂ ಗಾಬರಿ ಬೇಡ. ಇಳಿಯದೇ ಹಾಗೇ ನಿಂತರೆ ಸೀಳು ಮುಚ್ಚಿದೆ. ಆಳದ್ದಕ್ಕೆ ಸುರಿದ ಕೂಡಲೇ ಗಿಡ್ಡದ್ದರಲ್ಲಿ ಮಟ್ಟ ಏರಿದರೆ ಬೆಂಟೊನೈಟ್ ಸೋರುತ್ತಿದೆ, ಆ ಜೋಡಿಯ ಲೆಕ್ಕ ಸುಮ್ನೆ ದಂಡ. ತೂತು ಪೈಪಿಗೆ ಈ ರಗಳೆ ಕಡಿಮೆ, ಅದೊಂದು ಅದರ ಗುಣ.

ಕೇಂದ್ರ ಜಲ ಸಂಪನ್ಮೂಲ ಸಚಿವಾಲಯದ 1991ರ ಅಳತೆಯಂತೆ ಅಂತರ್ಜಲ ನೆಲದಿಂದ 2 ಮೀಟರ್ ಒಳಗಿದ್ದರೆ ಜೌಗು, 2ರಿಂದ 3 ಇದ್ದರೆ ಅಪಾಯದ ಅಂಚು. ಅದು ಇಡೀ ಅಚ್ಚುಕಟ್ಟು ಪ್ರದೇಶಕ್ಕೆ ಹಾಕಿದ ಗೆರೆ. ನಮ್ಮ ಜಮೀನಿನ ಮೂರೂ ಅಳತೆ ಅದರ ಒಳಗೇ ಬೀಳುತ್ತವೆ, ಹಾಗಾಗಿ ಜೌಗು ಹೌದೋ ಅಲ್ಲವೋ ಅನ್ನೋಕೆ ಯಾವ ಪೈಪಾದರೂ ನಡೆಯುತ್ತದೆ. ಬಸಿ ಎಲ್ಲಿ ತೆಗೆಯಬೇಕು ಅನ್ನೋಕೆ ಮಾತ್ರ ಜೋಡಿ ಪೀಜೋಮೀಟರೇ ಬೇಕು. ಈಗ ತಗ್ಗು ಮೂಲೆಯಲ್ಲಿ ಜೋಡಿ ಇಟ್ಟು, ಮಿಕ್ಕ ಕಡೆ ಗಿಡ್ಡ ತೂತು ಪೈಪು ಹಾಕಿದ್ದೇನೆ. ಮೂರು ಮೀಟರಿನ ತೂತು ಪೈಪನ್ನು ಕಿತ್ತು, ಆ ಕುಳಿಗೂ ಬೆಂಟೊನೈಟ್ ತುಂಬಿಸಿದೆ.